ಕೈ ಚಾಚಬೇಕೋ, ಕೈ ಮುಗಿಯಬೇಕೋ?

ನಮ್ಮ ಕಾಲೇಜಿನ ಪ್ಲೇಸ್‌ಮೆಂಟ್ ತರಬೇತಿಯಲ್ಲಿ ರೆಸ್ಯೂಮೆ ಬರೆಯುವುದಕ್ಕೆ ಎರಡು ದಿನ ಕೊಟ್ಟರು, ಗ್ರೂಪ್ ಡಿಸ್ಕಶನ್‌ಗೆ ಮೂರು ದಿನ ಕೊಟ್ಟರು. ಒಳಗೆ ಹೋದಾಗ ಎದುರಿಗಿರುವವರಿಗೆ ವಂದಿಸುವುದು ಹೇಗೆ ಎಂಬುದಕ್ಕೆ ಸಿಕ್ಕಿದ್ದು ಒಂದೇ ವಾಕ್ಯ: ‘ಗಟ್ಟಿಯಾಗಿ ಶೇಕ್‌ಹ್ಯಾಂಡ್ ಕೊಡಿ, ಕಣ್ಣು ನೋಡಿ ನಗಿ.’ ಪಕ್ಕದಲ್ಲಿ ಕುಳಿತಿದ್ದ ಗೆಳತಿ ಮೆಲ್ಲಗೆ ಕೇಳಿದಳು, ‘ಎದುರಿಗಿರೋರು ಕೈ ಕೊಡದೇ ಇದ್ರೆ ಏನೇ ಮಾಡೋದು?’ ಅವಳ ಪ್ರಶ್ನೆಗೆ ತರಬೇತಿಯ ಪುಸ್ತಕದಲ್ಲಿ ಉತ್ತರ ಇರಲಿಲ್ಲ.

ಉತ್ತರ ಬೇಕಾಗಿರುವುದು ನಮಗೇ. ಇವತ್ತು ಬೆಂಗಳೂರಿನ ಒಂದು ಕಂಪನಿಯ ಮೀಟಿಂಗ್ ಕೋಣೆಯಲ್ಲಿ ಅರವತ್ತು ದಾಟಿದ ಯಜಮಾನರು ಇರುತ್ತಾರೆ, ಮೂವತ್ತರ ಮ್ಯಾನೇಜರ್ ಮೇಡಂ ಇರುತ್ತಾರೆ, ಹಿಜಾಬ್ ಧರಿಸಿದ ಸಹೋದ್ಯೋಗಿ ಇರುತ್ತಾರೆ, ಕಲಬುರಗಿ ಕಡೆಯಿಂದ ಬಂದು ‘ಶರಣ್ರೀ’ ಎನ್ನುವವರು ಇರುತ್ತಾರೆ, ಜರ್ಮನಿಯಿಂದ ಬಂದ ಗ್ರಾಹಕರೂ ಇರುತ್ತಾರೆ. ಅಷ್ಟೂ ಜನರಿಗೆ ಒಂದೇ ಸೂತ್ರ ಹೊಂದುವುದಿಲ್ಲ. ಆದರೆ ಸ್ವಲ್ಪ ಗಮನಿಸಿದರೆ ಇದು ಅದೃಷ್ಟದ ಆಟವೂ ಅಲ್ಲ. ಕಳೆದ ವರ್ಷ ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ನಾಲ್ಕು ವಾರ ಇಂಟರ್ನ್‌ಶಿಪ್ ಮಾಡುವಾಗ ನಾನು ಲೇತ್, ಮಿಲ್ಲಿಂಗ್ ಯಂತ್ರಗಳ ಜೊತೆಗೆ ನೋಡಿ ಕಲಿತ ಇನ್ನೊಂದು ವಿಷಯ ಇದು.

ಒಂದಕ್ಕೆ ಒಬ್ಬರು ಸಾಕು, ಇನ್ನೊಂದಕ್ಕೆ ಇಬ್ಬರು ಬೇಕು

ನಮಸ್ಕಾರಕ್ಕೂ ಶೇಕ್‌ಹ್ಯಾಂಡಿಗೂ ಇರುವ ದೊಡ್ಡ ವ್ಯತ್ಯಾಸ ದೇಶಿ, ವಿದೇಶಿ ಎಂಬುದಲ್ಲ. ನಮಸ್ಕಾರವನ್ನು ಒಬ್ಬರೇ ಪೂರ್ತಿ ಮಾಡಬಹುದು. ನೀವು ಕೈ ಮುಗಿದರೆ ನಿಮ್ಮ ಕಡೆಯ ಕೆಲಸ ಅಲ್ಲಿಗೆ ಮುಗಿಯಿತು. ಎದುರಿನವರು ಕೈ ಮುಗಿಯಬಹುದು, ತಲೆಯಾಡಿಸಬಹುದು, ‘ಬನ್ನಿ, ಕೂತ್ಕೊಳ್ಳಿ’ ಎನ್ನಬಹುದು. ಏನು ಮಾಡಿದರೂ ನಿಮ್ಮ ಕೈ ಗಾಳಿಯಲ್ಲಿ ಉಳಿಯುವುದಿಲ್ಲ.

ಶೇಕ್‌ಹ್ಯಾಂಡ್ ಹಾಗಲ್ಲ. ಅದು ಅರ್ಧ ಮಾತ್ರ ನಿಮ್ಮದು. ಚಾಚಿದ ಕೈ ಒಂದು ಕೋರಿಕೆ ಇದ್ದ ಹಾಗೆ; ಇನ್ನೊಬ್ಬರು ತಮ್ಮ ಕೈ ಕೊಟ್ಟರಷ್ಟೇ ಅದು ಪೂರ್ತಿಯಾಗುತ್ತದೆ. ಕೊಡದಿದ್ದರೆ ಕೋಣೆಯಲ್ಲಿರುವ ಎಲ್ಲರಿಗೂ ಅದು ಕಾಣುತ್ತದೆ. ಇಷ್ಟವಿಲ್ಲದೆ ಕೊಟ್ಟರೆ ಇಬ್ಬರಲ್ಲಿ ಒಬ್ಬರಿಗೆ ಕಸಿವಿಸಿ. ಹಾಗಾಗಿ ಕೈ ಚಾಚುವವರು ಎದುರಿನವರನ್ನು ಒಂದು ಸಣ್ಣ ಇಕ್ಕಟ್ಟಿಗೆ ಸಿಲುಕಿಸುತ್ತಾರೆ, ಅವರಿಗೆ ಯೋಚಿಸಲು ಒಂದು ಸೆಕೆಂಡ್ ಕೂಡ ಕೊಡದೆ.

‘ಮೊದಲು ಯಾರು ಕೈ ಚಾಚಬೇಕು’ ಎಂಬ ಕಟ್ಟಳೆಗಳೆಲ್ಲ ಹುಟ್ಟಿರುವುದು ಇಲ್ಲಿಂದಲೇ. ಬೇಡ ಎನ್ನುವುದು ಯಾರಿಗೆ ಕಷ್ಟವೋ ಅವರನ್ನು ಆ ಇಕ್ಕಟ್ಟಿಗೆ ಸಿಲುಕಿಸಬಾರದು ಎಂಬುದು ಅದರ ಒಳಗಿನ ಲೆಕ್ಕ. ನಮ್ಮ ಕಡೆ ಹಿರಿಯರು ಕೈ ಚಾಚಿದ ಮೇಲೆ ಕಿರಿಯರು ಕೈ ಕೊಡುತ್ತಾರೆ. ಗಂಡಸರು, ಹೆಂಗಸರು ಎದುರಾದಾಗ ಹೆಂಗಸರು ಮೊದಲು ಚಾಚಲಿ ಎಂದು ಕಾಯುವುದು ಇಲ್ಲಿನ ಹಳೆಯ ರೂಢಿ. ಅಂತರರಾಷ್ಟ್ರೀಯ ಕಂಪನಿಗಳಲ್ಲಿ ಈಗ ನಡೆಯುವ ರೂಢಿ ಬೇರೆ: ಗಂಡು, ಹೆಣ್ಣು ಎಂದು ನೋಡುವುದಿಲ್ಲ, ಹುದ್ದೆಯಲ್ಲಿ ದೊಡ್ಡವರು ಮೊದಲು ಕೈ ಚಾಚುತ್ತಾರೆ. ಒಂದೇ ಕೋಣೆಯಲ್ಲಿ ಈ ಎರಡು ರೂಢಿಗಳು ಸೇರಿದಾಗಲೇ ಗೊಂದಲ.

ಇಂಟರ್‌ವ್ಯೂ ಕೋಣೆಯ ಮೊದಲ ಐದು ಸೆಕೆಂಡ್

ಕೆಲಸ ಹುಡುಕುವವರಿಗೆ ಒಂದು ಸಮಾಧಾನ ಇದೆ. ಇಂಟರ್‌ವ್ಯೂನಲ್ಲಿ ಎರಡು ರೂಢಿಗಳೂ ಒಂದೇ ಉತ್ತರ ಕೊಡುತ್ತವೆ. ಎದುರಿಗೆ ಕುಳಿತವರು ಹುದ್ದೆಯಲ್ಲಿ ದೊಡ್ಡವರು, ಸಾಮಾನ್ಯವಾಗಿ ವಯಸ್ಸಿನಲ್ಲೂ ದೊಡ್ಡವರು, ಆ ಕೋಣೆಗೆ ಅವರೇ ಆತಿಥೇಯರು. ಹಾಗಾಗಿ ಕೈ ಚಾಚುವ ಸರದಿ ಅವರದು. ನೀವು ಹುಡುಗನಾದರೂ ಹುಡುಗಿಯಾದರೂ, ಎದುರಿಗೆ ಸರ್ ಇದ್ದರೂ ಮೇಡಂ ಇದ್ದರೂ, ಮೊದಲು ಕೈ ಚಾಚುವ ಹೊಣೆ ನಿಮ್ಮ ಮೇಲಿಲ್ಲ.

ಕಾಯುವುದು ಎಂದರೆ ಬೊಂಬೆಯ ಹಾಗೆ ನಿಲ್ಲುವುದಲ್ಲ. ಬಾಗಿಲು ದಾಟಿ ಎರಡು ಹೆಜ್ಜೆ ಒಳಗೆ ಬಂದು, ಸ್ವಲ್ಪ ತಲೆಬಾಗಿಸಿ, ಕೇಳಿಸುವ ಹಾಗೆ ‘ನಮಸ್ಕಾರ ಸರ್, ನಮಸ್ಕಾರ ಮೇಡಂ’ ಎನ್ನಬೇಕು ಅಥವಾ ‘ಗುಡ್ ಮಾರ್ನಿಂಗ್’ ಎನ್ನಬೇಕು. ಫೈಲ್ ಎಡಗೈಯಲ್ಲಿರಲಿ, ಬ್ಯಾಗು ಎಡ ಹೆಗಲ ಮೇಲಿರಲಿ, ಬಲಗೈ ಖಾಲಿಯಾಗಿ ಪಕ್ಕದಲ್ಲಿ ಸಡಿಲವಾಗಿರಲಿ. ಮಾತಿನಲ್ಲಿ ವಂದನೆ ಆಗಿಹೋಗಿರುವುದರಿಂದ ನೀವು ಯಾರನ್ನೂ ಕಡೆಗಣಿಸಿದ ಹಾಗೆ ಆಗುವುದಿಲ್ಲ. ಬಲಗೈ ಖಾಲಿ ಇರುವುದರಿಂದ ಮುಂದೆ ಏನು ಬಂದರೂ ಅದಕ್ಕೆ ತಯಾರಿರುತ್ತೀರಿ.

ಈಗ ಎದುರಿನವರ ಬಲಗೈ ನೋಡಿ. ಕೈ ಕೊಡಲು ಹೊರಟವರು ಅದಕ್ಕೂ ಮುಂಚೆ ಒಂದು ಕೆಲಸ ಮಾಡುತ್ತಾರೆ: ಬಲಗೈಯಲ್ಲಿರುವ ಪೆನ್ನು ಕೆಳಗಿಡುತ್ತಾರೆ ಅಥವಾ ಮೊಬೈಲನ್ನು ಎಡಗೈಗೆ ದಾಟಿಸುತ್ತಾರೆ. ಕುರ್ಚಿಯಿಂದ ಏಳುತ್ತಾರೆ ಅಥವಾ ಮೇಜಿನ ಮೇಲೆ ಮುಂದಕ್ಕೆ ಬಾಗುತ್ತಾರೆ. ಈ ಎರಡರಲ್ಲಿ ಒಂದು ಕಂಡರೆ ಕೈ ಬರುತ್ತಿದೆ ಎಂದು ಅರ್ಥ. ನೀವೂ ಒಂದು ಹೆಜ್ಜೆ ಮುಂದಕ್ಕೆ ಹೋಗಬಹುದು. ಪೆನ್ನು ಕೈಯಲ್ಲೇ ಇದೆ, ನಿಮ್ಮ ರೆಸ್ಯೂಮೆ ಮೇಲೆ ಕಣ್ಣಿದೆ, ‘ಬನ್ನಿ, ಕೂತ್ಕೊಳ್ಳಿ’ ಎಂದರು ಎಂದರೆ ಅಲ್ಲಿಗೆ ವಂದನೆ ಮುಗಿಯಿತು. ಆಮೇಲೆ ಮೇಜು ಸುತ್ತಿಕೊಂಡು ಹೋಗಿ ಕೈ ಚಾಚುವ ಅಗತ್ಯ ಇಲ್ಲ. ಬೆಳಗಿನಿಂದ ನಲವತ್ತು ಅಭ್ಯರ್ಥಿಗಳನ್ನು ನೋಡುತ್ತಿರುವ ಪ್ಯಾನೆಲ್ ಪ್ರತಿಯೊಬ್ಬರಿಗೂ ಕೈ ಕೊಡುವುದಿಲ್ಲ. ಅದು ನಿಮ್ಮ ಮೇಲಿನ ತೀರ್ಪಲ್ಲ.

ಎರಡೂ ಕೈಗಳನ್ನು ಮುಂದೆ ಒಂದರ ಮೇಲೊಂದು ಇಟ್ಟುಕೊಂಡಿರುವುದು, ಹಿಂದೆ ಕಟ್ಟಿಕೊಂಡಿರುವುದು, ಬಲಗೈಯನ್ನು ಎದೆಯ ಮೇಲಿಟ್ಟು ತಲೆಯಾಡಿಸುವುದು, ಇವು ಕೈ ಬರುವುದಿಲ್ಲ ಎನ್ನುವ ಗುರುತುಗಳು. ಎದೆಯ ಮೇಲಿಟ್ಟ ಕೈ ಸೊಕ್ಕಲ್ಲ, ಅದೂ ಒಂದು ಪೂರ್ತಿ ವಂದನೆ. ಅದಕ್ಕೆ ಅದೇ ರೀತಿ ಅಥವಾ ನಮಸ್ಕಾರದ ಮೂಲಕ ಉತ್ತರಿಸಿದರೆ ಸಾಕು.

ಪ್ಯಾನೆಲ್‌ನಲ್ಲಿ ಮೂವರಿದ್ದು ಒಬ್ಬರು ಕೈ ಚಾಚಿದರೆ ಏನು ಮಾಡಬೇಕು ಎಂಬುದು ಇನ್ನೊಂದು ಪ್ರಶ್ನೆ. ಚಾಚಿದವರಿಗೆ ಕೈ ಕೊಡಿ. ಉಳಿದಿಬ್ಬರ ಕಡೆಗೆ ತಿರುಗಿ, ಒಬ್ಬೊಬ್ಬರ ಮುಖವನ್ನೂ ಒಂದು ಕ್ಷಣ ನೋಡಿ, ತಲೆಬಾಗಿಸಿ ವಂದಿಸಿ. ಅವರೂ ಚಾಚಿದರೆ ಕೊಡಿ. ಒಬ್ಬರಿಗೆ ಕೈ ಕೊಟ್ಟು ಉಳಿದವರ ಕಡೆ ತಿರುಗದೇ ಕುಳಿತುಬಿಡುವುದೇ ಇಲ್ಲಿ ಆಗುವ ಸಾಮಾನ್ಯ ಎಡವಟ್ಟು.

ಪೀಣ್ಯದಲ್ಲಿ ಆಡಿಟ್ ನಡೆದ ದಿನ

ಕೆಲಸಕ್ಕೆ ಸೇರಿದ ಮೇಲೆ ಲೆಕ್ಕ ಇಷ್ಟು ಸುಲಭ ಇರುವುದಿಲ್ಲ. ನಾನಿದ್ದ ಫ್ಯಾಕ್ಟರಿ ವಾಲ್ವ್‌ನ ಬಿಡಿಭಾಗ ಮಾಡುವಂಥದ್ದು. ಎರಡನೇ ವಾರದಲ್ಲಿ ಜರ್ಮನಿಯ ಗ್ರಾಹಕ ಕಂಪನಿಯಿಂದ ಆಡಿಟ್‌ಗೆ ಮೂವರು ಬಂದರು. ತಂಡದ ಮುಖ್ಯಸ್ಥೆ ನಲವತ್ತರ ಆಸುಪಾಸಿನ ಮಹಿಳೆ. ಅವರ ಜೊತೆ ಒಬ್ಬ ಎತ್ತರದ ಯುವ ಎಂಜಿನಿಯರ್, ಪುಣೆ ಕಚೇರಿಯಿಂದ ಬಂದ ಇನ್ನೊಬ್ಬರು. ನಮ್ಮ ಕಡೆ ಯಜಮಾನರು, ಕ್ವಾಲಿಟಿ ವಿಭಾಗದ ಮುಖ್ಯಸ್ಥೆ ಮೇಡಂ, ಪ್ರೊಡಕ್ಷನ್ ಇನ್‌ಚಾರ್ಜ್, ದಾಖಲೆಗಳನ್ನು ನೋಡಿಕೊಳ್ಳುವ ಹಿಜಾಬ್ ಧರಿಸುವ ಅಕ್ಕ. ನನ್ನ ಕೆಲಸ ಫೈಲುಗಳ ರಾಶಿ ಹಿಡಿದುಕೊಂಡು ಗೋಡೆ ಪಕ್ಕ ನಿಲ್ಲುವುದು. ಹಾಗಾಗಿ ಎಲ್ಲ ಚೆನ್ನಾಗಿ ಕಂಡಿತು.

ಯಜಮಾನರು ಬಾಗಿಲ ಬಳಿ ಹೋಗಿ ಎತ್ತರದ ಯುವಕನ ಕೈ ಹಿಡಿದು ಜೋರಾಗಿ ಕುಲುಕಿದರು. ಆಮೇಲೆ ಪುಣೆಯವರ ಕೈ. ಕೊನೆಗೆ ಮುಖ್ಯಸ್ಥೆಯ ಕಡೆ ತಿರುಗಿ, ತುಂಬ ಗೌರವದಿಂದ, ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದರು. ಆಕೆಯ ಬಲಗೈ ಅಷ್ಟರಲ್ಲಿ ಸೊಂಟದ ಮಟ್ಟಕ್ಕೆ ಎದ್ದಿತ್ತು. ಅದನ್ನು ಅಲ್ಲೇ ತಿರುಗಿಸಿ ಆಕೆಯೂ ಕೈ ಮುಗಿದರು, ನಕ್ಕರು. ಆದರೆ ಮುಂದಿನ ಹತ್ತು ನಿಮಿಷ ಯಜಮಾನರು ಆ ಯುವಕನಿಗೇ ಕಂಪನಿಯ ವಿಷಯ ವಿವರಿಸಿದರು. ಯುವಕ ಪ್ರತಿ ಪ್ರಶ್ನೆಗೂ ತನ್ನ ಮೇಲಧಿಕಾರಿಯ ಮುಖ ನೋಡುತ್ತಿದ್ದ. ಅದಾದ ಮೇಲೇ ಯಜಮಾನರಿಗೆ ತಂಡದ ಮುಖ್ಯಸ್ಥರು ಯಾರೆಂದು ಅರ್ಥವಾದದ್ದು.

ಊಟದ ಹೊತ್ತಿನಲ್ಲಿ ಕ್ವಾಲಿಟಿ ಮೇಡಂ ಪಕ್ಕ ಕುಳಿತಿದ್ದೆ. ‘ನಮಸ್ಕಾರ ಮಾಡಿದ್ದು ಅವರಿಗೆ ಬೇಜಾರಾಗಿರಬಹುದಾ ಮೇಡಂ?’ ಎಂದು ಕೇಳಿದೆ. ಅವರು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ: ‘ನಮಸ್ಕಾರದಲ್ಲಿ ತಪ್ಪೇನಿಲ್ಲಮ್ಮ. ಮೂವರಿಗೂ ನಮಸ್ಕಾರ ಮಾಡಿದ್ರೆ ಖುಷಿನೇ ಪಡ್ತಿದ್ರು. ಇಬ್ಬರು ಗಂಡಸ್ರಿಗೆ ಕೈ ಕೊಟ್ಟು ಇವರಿಗೆ ಮಾತ್ರ ಕೈ ಮುಗಿದ್ರಲ್ಲ, ಅದು ಕಣ್ಣಿಗೆ ಬೀಳುತ್ತೆ. ಅದೂ ಕೊನೆಗೆ. ನನಗೂ ಹದಿನೈದು ವರ್ಷದಿಂದ ಹೀಗೇ ಆಗ್ತಿದೆ. ಕೈ ಕೊಡದೇ ಇರೋದಲ್ಲ ಬೇಜಾರು. ಆಮೇಲೆ ಮಾತೂ ನನ್ನನ್ನ ದಾಟಿಕೊಂಡು ಹೋಗುತ್ತೆ, ಅದು ಬೇಜಾರು.’

ಇದನ್ನು ಬಿಡಿಸಿ ನೋಡೋಣ. ಯಜಮಾನರ ಉದ್ದೇಶ ಒಳ್ಳೆಯದೇ. ಅವರು ಬೆಳೆದ ರೂಢಿಯಲ್ಲಿ ಪರಿಚಯವಿಲ್ಲದ ಹೆಂಗಸಿನ ಕೈ ಮುಟ್ಟದಿರುವುದೇ ಮರ್ಯಾದೆ. ಆದರೆ ಜರ್ಮನಿಯ ಕಚೇರಿಗಳಲ್ಲಿ ಕೋಣೆಯಲ್ಲಿರುವ ಎಲ್ಲರಿಗೂ ಕೈ ಕೊಡುವುದು ರೂಢಿ, ಅದರಲ್ಲಿ ಗಂಡು ಹೆಣ್ಣೆಂಬ ಭೇದ ಇಲ್ಲ. ಆಕೆಯ ಕಣ್ಣಿಗೆ ಕಂಡದ್ದು ತನಗೆ ಸಿಕ್ಕ ಗೌರವ ಅಲ್ಲ, ಸಾಲಿನಲ್ಲಿ ತನಗೊಬ್ಬಳಿಗೆ ಆದ ಬದಲಾವಣೆ. ಒಂದೇ ವಂದನೆ ಒಬ್ಬರಿಗೇ ಮಾಡಿದಾಗ ಒಂದು ಅರ್ಥ, ಸಾಲಿನಲ್ಲಿ ಮಾಡಿದಾಗ ಬೇರೆ ಅರ್ಥ.

ಮೊದಲೇ ತಿಳಿಯುವ ದಾರಿ ಇತ್ತೇ? ಇತ್ತು. ಹಿಂದಿನ ದಿನ ಬಂದ ಆಡಿಟ್ ವೇಳಾಪಟ್ಟಿಯನ್ನು ಪ್ರಿಂಟ್ ತೆಗೆದವಳು ನಾನೇ. ಅದರ ಮೇಲ್ಗಡೆ ಲೀಡ್ ಆಡಿಟರ್ ಎಂದು ಆಕೆಯ ಹೆಸರೇ ಇತ್ತು. ಕಾರಿನಿಂದ ಇಳಿದಾಗ ಉಳಿದಿಬ್ಬರು ಆಕೆ ಮುಂದೆ ಹೋಗಲಿ ಎಂದು ನಿಂತಿದ್ದರು. ಚೆಕ್‌ಲಿಸ್ಟ್ ಇದ್ದದ್ದು ಆಕೆಯ ಎಡಗೈಯಲ್ಲಿ, ಬಲಗೈ ಖಾಲಿ. ಯಾರು ದೊಡ್ಡವರು, ಯಾರ ಕೈ ಬರಲಿದೆ ಎಂಬ ಎರಡೂ ಪ್ರಶ್ನೆಗೆ ಉತ್ತರ ಎದುರಿಗೇ ಇತ್ತು.

ಅದೇ ದಿನ ಚೆನ್ನಾಗಿ ನಡೆದದ್ದೂ ಎರಡು ಇವೆ. ಯುವ ಎಂಜಿನಿಯರ್ ದಾಖಲೆ ವಿಭಾಗದ ಅಕ್ಕನಿಗೆ ಕೈ ಚಾಚಿದ. ಅವರು ಬಲಗೈ ಎದೆಯ ಮೇಲಿಟ್ಟು, ನಗುತ್ತಾ, ‘ವೆಲ್‌ಕಮ್ ಸರ್’ ಎಂದು ತಲೆಯಾಡಿಸಿದರು. ಆತ ಚಾಚಿದ ಕೈಯನ್ನು ಹಾಗೇ ತನ್ನ ಎದೆಗೆ ತಂದುಕೊಂಡು ತಲೆಬಾಗಿಸಿದ. ಒಂದು ಸೆಕೆಂಡ್ ಕೂಡ ಹಿಡಿಯಲಿಲ್ಲ, ಯಾರೂ ‘ಸಾರಿ’ ಎನ್ನಲಿಲ್ಲ. ಮುಂದಿನ ಕ್ಷಣ ಇಬ್ಬರೂ ಫೈಲಿನ ಪುಟ ತಿರುಗಿಸುತ್ತಿದ್ದರು. ಆ ಅಕ್ಕ ಮೊದಲೇ ಎರಡು ಹೆಜ್ಜೆ ದೂರ ನಿಂತಿದ್ದನ್ನೂ ನಾನು ಗಮನಿಸಿದ್ದೆ. ಕೈ ಕೊಡುವ ಅಂತರ ಸುಮಾರು ಮೂರು ಅಡಿ. ಅದಕ್ಕಿಂತ ಹಿಂದೆ ನಿಂತವರು ಬಹಳ ಸಲ ಮಾತಿಲ್ಲದೆ ಒಂದು ವಿಷಯ ಹೇಳುತ್ತಿರುತ್ತಾರೆ.

ಇನ್ನೊಂದು ನಡೆದದ್ದು ಯಂತ್ರಗಳ ನಡುವೆ. ಮುಖ್ಯಸ್ಥೆ ವಿಜಯಪುರ ಕಡೆಯ ಸೂಪರ್‌ವೈಸರ್ ಕಡೆಗೆ ಕೈ ಚಾಚಿದರು. ಅವರ ಕೈ ತುಂಬ ಕೂಲೆಂಟ್, ಎಣ್ಣೆ. ಅವರು ಅಂಗೈ ತೋರಿಸಿ, ಮುಷ್ಟಿ ಬಿಗಿದು ಮಣಿಕಟ್ಟು ಮುಂದೆ ಮಾಡಿ, ‘ನಮಸ್ಕಾರ್ರೀ ಮೇಡಂ’ ಎಂದರು. ಆಕೆ ಮಣಿಕಟ್ಟನ್ನೇ ಹಿಡಿದು ಕುಲುಕಿದರು. ಇದು ನಮ್ಮ ವರ್ಕ್‌ಶಾಪುಗಳಲ್ಲಿ, ಊಟದ ಪಂಕ್ತಿಯಲ್ಲಿ ಎಲ್ಲರೂ ಬಲ್ಲ ಉಪಾಯ. ಕೊಳೆಯಾದ ಕೈಯನ್ನು ಪ್ಯಾಂಟಿಗೆ ಒರೆಸಿ ಹೇಗೋ ಕೊಡುವುದಕ್ಕಿಂತ ಇದು ಎಷ್ಟೋ ಚಂದ.

ಸ್ವೀಡನ್ ಕೋರ್ಟ್ ಹೇಳಿದ್ದು

ಕ್ವಾಲಿಟಿ ಮೇಡಂ ಹೇಳಿದ ‘ಮೂವರಿಗೂ ಒಂದೇ’ ಎಂಬ ಮಾತು ಒಂದು ನ್ಯಾಯಾಲಯದ ತೀರ್ಪಿನಲ್ಲೂ ಇದೆ ಎಂದು ನನಗೆ ಆಮೇಲೆ ಓದಿ ತಿಳಿಯಿತು. ಸ್ವೀಡನ್ನಿನ ಉಪ್ಸಾಲಾದಲ್ಲಿ ಮುಸ್ಲಿಂ ಯುವತಿಯೊಬ್ಬರು ಭಾಷಾಂತರ ಸೇವೆಯ ಕಂಪನಿಗೆ ಇಂಟರ್‌ವ್ಯೂಗೆ ಹೋಗಿದ್ದರು. ಅಲ್ಲಿ ಪುರುಷ ಅಧಿಕಾರಿಯೊಬ್ಬರನ್ನು ಪರಿಚಯಿಸಿದಾಗ ಧಾರ್ಮಿಕ ಕಾರಣಕ್ಕೆ ಕೈ ಕೊಡದೆ ಎದೆಯ ಮೇಲೆ ಕೈಯಿಟ್ಟು ವಂದಿಸಿದರು. ಇಂಟರ್‌ವ್ಯೂ ಅಲ್ಲಿಗೇ ನಿಂತಿತು. ಪ್ರಕರಣ ಸ್ವೀಡನ್ನಿನ ಕಾರ್ಮಿಕ ನ್ಯಾಯಾಲಯಕ್ಕೆ ಹೋಯಿತು. 2018ರ ಆಗಸ್ಟ್‌ನಲ್ಲಿ ನ್ಯಾಯಾಲಯ ಯುವತಿಯ ಪರ ತೀರ್ಪು ಕೊಟ್ಟು, ಕಂಪನಿ 40,000 ಕ್ರೋನಾ ಪರಿಹಾರ ಕೊಡಬೇಕು ಎಂದಿತು.

ತೀರ್ಪಿನ ಒಳಗಿನ ಮಾತು ಮುಖ್ಯ. ಗಂಡಸರನ್ನೂ ಹೆಂಗಸರನ್ನೂ ಸಮಾನವಾಗಿ ಕಾಣಬೇಕು ಎಂದು ಉದ್ಯೋಗಿಗಳಿಂದ ನಿರೀಕ್ಷಿಸುವ ಹಕ್ಕು ಕಂಪನಿಗೆ ಇದೆ ಎಂದು ನ್ಯಾಯಾಲಯ ಒಪ್ಪಿತು. ಆದರೆ ಆ ಸಮಾನತೆಯನ್ನು ಶೇಕ್‌ಹ್ಯಾಂಡ್ ಮೂಲಕವೇ ತೋರಿಸಬೇಕು ಎಂದು ಹಟ ಹಿಡಿಯುವ ಹಕ್ಕು ಇಲ್ಲ ಎಂದಿತು. ಗಂಡಸರು, ಹೆಂಗಸರು ಇಬ್ಬರೂ ಇರುವ ಕಡೆ ಯಾರಿಗೂ ನೋವಾಗದಿರಲಿ ಎಂದು ತಾನು ಎಲ್ಲರಿಗೂ ಎದೆಯ ಮೇಲೆ ಕೈಯಿಟ್ಟೇ ವಂದಿಸುತ್ತೇನೆ ಎಂದು ಆ ಯುವತಿ ಹೇಳಿದ್ದರು.

ಯುರೋಪಿನಲ್ಲೇ ಎಲ್ಲ ಕಡೆ ಹೀಗಿಲ್ಲ. ಡೆನ್ಮಾರ್ಕ್‌ನಲ್ಲಿ 2019ರಿಂದ ಪೌರತ್ವ ಪಡೆಯುವ ಸಮಾರಂಭದಲ್ಲಿ ಅಧಿಕಾರಿಯ ಕೈ ಕುಲುಕುವುದನ್ನೇ ಕಡ್ಡಾಯ ಮಾಡಿದರು. ಅಂದರೆ ಕೈ ಕುಲುಕುವುದನ್ನು ಅಲ್ಲಿಯ ಜನ ಬರೀ ಶಿಷ್ಟಾಚಾರ ಎಂದುಕೊಂಡಿಲ್ಲ, ನೀನು ನನಗೆ ಸಮಾನ ಎನ್ನುವ ಮಾತು ಎಂದುಕೊಂಡಿದ್ದಾರೆ. ಓದಲು, ಕೆಲಸ ಮಾಡಲು ಹೊರದೇಶಕ್ಕೆ ಹೋಗುವವರಿಗೆ ಇದು ಗೊತ್ತಿದ್ದರೆ, ಅಲ್ಲಿ ಕೈ ಕೊಡದಿದ್ದಾಗ ಎದುರಿನವರ ಮುಖ ಏಕೆ ಬದಲಾಗುತ್ತದೆ ಎಂದು ತಿಳಿಯುತ್ತದೆ.

ಕೈ ಕುಲುಕುವುದು ಬೇಡ ಎನ್ನುವವರಿಗೆ ಇದರಿಂದ ಒಂದು ನೇರ ದಾರಿ ಸಿಗುತ್ತದೆ. ಕಾರಣ ಧರ್ಮ ಇರಬಹುದು, ಮನೆಯ ಸಂಸ್ಕಾರ ಇರಬಹುದು, ಬೆವರುವ ಕೈ ಇರಬಹುದು, ಬರೀ ಇಷ್ಟವಿಲ್ಲದಿರಬಹುದು. ಆ ಸಾಲಿನಲ್ಲಿರುವ ಎಲ್ಲರಿಗೂ ಒಂದೇ ವಂದನೆ ಮಾಡಿ. ಇಬ್ಬರಿಗೆ ಕೈ ಕೊಟ್ಟು ಮೂರನೆಯವರಿಗೆ ನಿಲ್ಲಿಸಬೇಡಿ. ಇದು ಅನುಕೂಲವೂ ಹೌದು. 2020ರ ಮಾರ್ಚ್‌ನಲ್ಲಿ ಕೊರೊನಾ ಹರಡುತ್ತಿದ್ದಾಗ ಅಮೆರಿಕದ ಅಧ್ಯಕ್ಷರು, ಐರ್ಲೆಂಡಿನ ಪ್ರಧಾನಿ ಪರಸ್ಪರ ಕೈ ಮುಗಿದದ್ದು ಪ್ರಪಂಚದ ಟಿವಿಗಳಲ್ಲೆಲ್ಲ ಬಂತು. ನಮಸ್ಕಾರ ಎಂದರೇನು ಎಂದು ಹೊರಗಿನಿಂದ ಬಂದವರಿಗೆ ಈಗ ವಿವರಿಸಬೇಕಾಗಿಲ್ಲ.

ಮುಗಿದ ಕೈಯ ಹಿಂದೆ

ನಮ್ಮ ನೆಲದಲ್ಲಿ ಮುಟ್ಟುವ ಪ್ರಶ್ನೆಗೆ ಇನ್ನೊಂದು ಮುಖ ಇದೆ. ಅದನ್ನು ಬಿಟ್ಟು ಈ ವಿಷಯ ಬರೆದರೆ ಅರ್ಧ ಬರೆದ ಹಾಗೆ. ಮುಟ್ಟದೆ ವಂದಿಸುವುದು ಗೌರವವೂ ಆಗಬಹುದು, ದೂರ ಇಡುವ ಉಪಾಯವೂ ಆಗಬಹುದು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೊಡೆದುಹಾಕಿದೆ. ಆದರೆ ಮ್ಯಾನೇಜರ್‌ಗೆ ಕೈ ಕೊಟ್ಟು, ಸ್ವಚ್ಛತೆಯ ಕೆಲಸದವರು ಎದುರಾದಾಗ ಕೈ ಹಿಂದಕ್ಕೆ ಕಟ್ಟಿಕೊಳ್ಳುವವರನ್ನು ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲ.

ಹಾಗೆಂದು ಒಂದು ಸಲ ಕೈ ಕೊಡದ್ದನ್ನು ನೋಡಿ ಒಬ್ಬರನ್ನು ಅಳೆಯಲು ಆಗುವುದಿಲ್ಲ. ಇಲ್ಲೂ ಸಾಲನ್ನೇ ನೋಡಬೇಕು. ಒಬ್ಬರು ಯಜಮಾನರಿಂದ ಹಿಡಿದು ಗೇಟಿನ ಸೆಕ್ಯೂರಿಟಿಯವರ ತನಕ ಎಲ್ಲರಿಗೂ ಕೈ ಮುಗಿಯುತ್ತಾರೆ ಎಂದರೆ ಅದು ಅವರ ರೂಢಿ. ಕೆಲವರಿಗೆ ಕೈ, ಕೆಲವರಿಗೆ ನಮಸ್ಕಾರ, ಕೆಲವರಿಗೆ ಏನೂ ಇಲ್ಲ ಎಂದಾದರೆ, ಯಾರಿಗೆ ಏನು ಎಂಬ ಪಟ್ಟಿಯೇ ಎಲ್ಲ ಹೇಳುತ್ತದೆ. ನಾವು ಹೊಸದಾಗಿ ಸೇರುವವರು ಇದನ್ನು ನಮ್ಮ ಮೇಲೇ ಪರೀಕ್ಷಿಸಿಕೊಳ್ಳಬಹುದು. ಮೊದಲ ದಿನ ಟೀಮಿನವರಿಗೆಲ್ಲ ಕೈ ಕೊಟ್ಟು ಪರಿಚಯ ಮಾಡಿಕೊಂಡಿದ್ದರೆ, ಚಹಾ ತಂದುಕೊಟ್ಟ ಅಣ್ಣನಿಗೂ ‘ನಮಸ್ಕಾರ ಅಣ್ಣ, ನಿಮ್ಮ ಹೆಸರೇನು’ ಎಂದು ಕೇಳಿದೆವೇ? ಆ ಅಣ್ಣ ಕೈ ಚಾಚಿದರೆ ನಮ್ಮ ಕೈ ಅಷ್ಟೇ ಸಲೀಸಾಗಿ ಹೋಗುತ್ತದೆಯೇ?

ಕೈಗಳು ತಪ್ಪಿದಾಗ

ಎಷ್ಟು ಗಮನಿಸಿದರೂ ಕೆಲವೊಮ್ಮೆ ಒಬ್ಬರು ಕೈ ಚಾಚಿರುತ್ತಾರೆ, ಇನ್ನೊಬ್ಬರು ಮುಗಿದಿರುತ್ತಾರೆ. ನೀವು ಚಾಚಿ ಅವರು ಮುಗಿದರೆ, ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಬೇಡಿ. ಅದನ್ನೇ ಮೇಲಕ್ಕೆ ತಂದು ಇನ್ನೊಂದು ಕೈ ಸೇರಿಸಿ ನಮಸ್ಕಾರ ಮಾಡಿ. ನೀವು ಮುಗಿದು ಅವರು ಚಾಚಿದರೆ, ನಿಮಗೆ ಅಡ್ಡಿಯಿಲ್ಲದಿದ್ದರೆ ಮುಗಿದ ಕೈ ಬಿಡಿಸಿ ಬಲಗೈ ಕೊಡಿ. ಎರಡರಲ್ಲೂ ಗುಟ್ಟು ಒಂದೇ: ಕೈಯ ಚಲನೆ ಮಧ್ಯದಲ್ಲಿ ನಿಲ್ಲಬಾರದು, ಬಾಯಿ ‘ಅಯ್ಯೋ ಸಾರಿ’ ಎನ್ನಬಾರದು. ಆ ‘ಅಯ್ಯೋ’ ಇಲ್ಲದಿದ್ದರೆ ಅಲ್ಲಿದ್ದವರಿಗೆ ಏನೋ ತಪ್ಪಿತು ಎಂದೇ ಅನಿಸುವುದಿಲ್ಲ.

ನೀವು ಕೈ ಕೊಡುವವರಲ್ಲ ಎಂದಾದರೆ, ಮುಗಿದ ಕೈ ಮುಗಿದೇ ಇರಲಿ ಅಥವಾ ಎದೆಯ ಮೇಲಿರಲಿ. ಜೊತೆಗೆ ಬೇಗ ಒಂದು ಮಾತು ಹೇಳಿ: ‘ನಾನು ಕೈ ಕುಲುಕೋದಿಲ್ಲ ಸರ್, ನಿಮ್ಮನ್ನ ಭೇಟಿಯಾಗಿದ್ದು ತುಂಬ ಖುಷಿ.’ ಎರಡನೇ ಅರ್ಧ ಬಿಡಬಾರದು. ಬರೀ ಮೊದಲಿನ ಅರ್ಧ ಹೇಳಿದರೆ ಬಾಗಿಲು ಹಾಕಿದ ಹಾಗೆ ಕೇಳಿಸುತ್ತದೆ. ಕಾರಣ ಹೇಳಬೇಕಾಗಿಲ್ಲ. ಎದುರಿಗಿದ್ದವರು ‘ಏಕೆ?’ ಎಂದು ಕೇಳುವುದೂ ಸರಿಯಲ್ಲ.

ಕೈ ಕೊಡುವುದಾದರೆ ಅದಕ್ಕೂ ಒಂದು ಅಳತೆ ಇದೆ. ಹೆಬ್ಬೆರಳು, ತೋರುಬೆರಳಿನ ನಡುವಿನ ಜಾಗ ಎರಡೂ ಕೈಗಳಲ್ಲಿ ಕೂಡಬೇಕು; ಬರೀ ಬೆರಳ ತುದಿ ಕೊಟ್ಟರೆ ಅಂಜಿಕೆ ಕಾಣುತ್ತದೆ, ಮೂಳೆ ನೋಯುವಷ್ಟು ಹಿಚುಕಿದರೆ ದರ್ಪ ಕಾಣುತ್ತದೆ. ಎರಡು ಮೂರು ಸಲ ಅಲುಗಾಡಿಸುವಷ್ಟು ಹೊತ್ತು, ಅಂದರೆ ಸುಮಾರು ಎರಡು ಸೆಕೆಂಡ್. ಆಮೇಲೆ ಬಿಡಬೇಕು. ಎಡಗೈ ಕೊಡುವುದು ನಮ್ಮಲ್ಲಿ ಸಲ್ಲದು. ಗಂಡಸಿಗೆ ಕೊಟ್ಟಷ್ಟೇ ಬಿಗಿ ಹೆಂಗಸಿಗೂ ಇರಲಿ. ಮೂರು ಗಂಡಸರಿಗೆ ಗಟ್ಟಿ ಕೈ ಕೊಟ್ಟು ನಮಗೆ ಮಾತ್ರ ಬೆರಳ ತುದಿ ಕೊಡುವವರನ್ನು ನಾವು ಹುಡುಗಿಯರು ಚೆನ್ನಾಗಿ ಗಮನಿಸುತ್ತೇವೆ.

ಕೈ ಬಿಡದೆ ಹಿಡಿದುಕೊಂಡೇ ಮಾತಾಡುವವರ ವಿಷಯ ಬೇರೆ. ಕೆಲವು ಹಿರಿಯರು ಸಲಿಗೆಯಿಂದ ಹಾಗೆ ಮಾಡುತ್ತಾರೆ. ಆದರೆ ನೀವು ಎಳೆದುಕೊಂಡರೂ ಬಿಡದಿದ್ದರೆ, ದಿನವೂ ನೆಪ ಹುಡುಕಿ ಕೈ ಹಿಡಿಯುತ್ತಿದ್ದರೆ ಅದು ವಂದನೆ ಅಲ್ಲ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಇಷ್ಟವಿಲ್ಲದ ದೈಹಿಕ ಸ್ಪರ್ಶವನ್ನು ಮೊದಲ ಸಾಲಿನಲ್ಲೇ ಹೆಸರಿಸುತ್ತದೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಉದ್ಯೋಗಿಗಳಿರುವ ಕಡೆ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು. ಅಷ್ಟು ದೂರ ಹೋಗುವ ಮುಂಚೆ, ಮರುದಿನದಿಂದ ಆ ವ್ಯಕ್ತಿಗೆ ಮೂರು ಅಡಿ ಆಚೆ ನಿಂತು ಕೈ ಮುಗಿಯುವುದು ಯಾರೂ ಆಕ್ಷೇಪಿಸಲಾಗದ ಉತ್ತರ. ಅದರ ನಂತರವೂ ನಿಲ್ಲದಿದ್ದರೆ ಸಮಿತಿಗೆ ಹೇಳಲು ಹಿಂಜರಿಯಬೇಕಾಗಿಲ್ಲ.

ಮುಂದಿನ ತಿಂಗಳು ನಮ್ಮ ಕಾಲೇಜಿಗೆ ಪ್ಲೇಸ್‌ಮೆಂಟ್ ಕಂಪನಿಗಳು ಬರುತ್ತವೆ. ತರಬೇತಿಯಲ್ಲಿ ಪ್ರಶ್ನೆ ಕೇಳಿದ ಗೆಳತಿ ಅನ್ಯರಿಗೆ ಕೈ ಕೊಡುವವಳಲ್ಲ. ಅವಳೂ ನಾನೂ ಹಾಸ್ಟೆಲ್ ಕೋಣೆಯ ಬಾಗಿಲಿನಿಂದ ಮೇಜಿನವರೆಗೆ ಹತ್ತು ಸಲ ನಡೆದು ನೋಡಿದೆವು. ಅವಳು ಬಾಗಿಲಲ್ಲೇ ಎಲ್ಲರ ಕಡೆ ನೋಡಿ ಕೈ ಮುಗಿದು ‘ನಮಸ್ಕಾರ’ ಎನ್ನುತ್ತಾಳೆ, ಮೇಜಿಗೆ ತೀರ ಹತ್ತಿರ ಹೋಗದೆ ಕುರ್ಚಿಯ ಪಕ್ಕ ನಿಲ್ಲುತ್ತಾಳೆ, ಎರಡೂ ಕೈಯಲ್ಲಿ ಫೈಲ್ ಹಿಡಿದುಕೊಳ್ಳುತ್ತಾಳೆ. ನಾನು ಫೈಲನ್ನು ಎಡಗೈಯಲ್ಲಿ ಹಿಡಿದು ಬಲಗೈ ಖಾಲಿ ಬಿಟ್ಟು, ಎದುರಿನವರ ಪೆನ್ನು ಏನಾಗುತ್ತದೆ ಎಂದು ನೋಡುತ್ತೇನೆ. ಪ್ಯಾನೆಲ್ ಒಂದೇ, ಕೋಣೆ ಒಂದೇ. ಎರಡು ದಾರಿಗಳಲ್ಲಿ ಯಾವುದರಲ್ಲಿ ಹೋದರೂ ಮೂರನೇ ಸೆಕೆಂಡಿಗೆ ಕುರ್ಚಿಯಲ್ಲಿ ಕುಳಿತಿರುತ್ತೇವೆ, ಮಾತು ನಮ್ಮ ಪ್ರಾಜೆಕ್ಟ್ ಕಡೆಗೆ ತಿರುಗಿರುತ್ತದೆ.